ಕ್ಯಾನು ಬೋರಲು ಹಾಕಿ ಅಂದರೆ ನಗುತ್ತೀರಲ್ಲ!

ನಮಸ್ಕಾರ. ಇವತ್ತು ಹಸಿರು ಮೇವಿನ ಬಗ್ಗೆ ಮಾತಾಡಬೇಕು ಅಂತ ಎರಡು ಪುಟ ಬರೆದುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟೆ. ಮೊನ್ನೆ ಮಾಗಡಿ ಕಡೆಯ ಒಂದು ಹಾಲಿನ ಸಂಘದಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಮುಗಿಸಿ ಕೂರುವಾಗ ಹಿಂದಿನಿಂದ ಒಬ್ಬ ಯಜಮಾನರು ಎದ್ದರು. "ಅಲ್ಲ ಸ್ವಾಮಿ, ಬೆಂಗಳೂರಿನವರು ಹೆಂಗೂ ಹಾಲು ಕಾಯಿಸ್ಕೊಂಡೇ ಕುಡೀತಾರೆ. ಹುಳ ಇದ್ರೆ ಸಾಯ್ತವೆ ಬಿಡಿ." ಎಲ್ಲರೂ ನಕ್ಕರು. ಕಾರ್ಯದರ್ಶಿಯೂ ನಕ್ಕರು. ನಾನೂ ಹಲ್ಲು ಕಿರಿದೆ, ಊಟಕ್ಕೆ ಕರೆದಿದ್ದರಲ್ಲ.

ವಾಪಸ್ ಬರುವಾಗ ಸುಂಕದಕಟ್ಟೆ ಸಿಗ್ನಲ್ಲಿನಲ್ಲಿ ಇಪ್ಪತ್ತು ನಿಮಿಷ ನಿಂತೆ. ಆಗ ಸಿಟ್ಟು ಬಂತು. ನಾನು ಅಲ್ಲಿ ಹೇಳಿದ್ದು ಒಂದೇ ಮಾತು. ರಾತ್ರಿ ತೊಳೆದ ಕ್ಯಾನನ್ನು ಬೋರಲು ಹಾಕಿ. ಅಷ್ಟೇ. ಹೊಸ ಹಸು ತನ್ನಿ ಅನ್ನಲಿಲ್ಲ, ಮೆಷಿನ್ ತನ್ನಿ ಅನ್ನಲಿಲ್ಲ.

ಒಂದು ಕೆಲಸ ಮಾಡಿ. ನಾಳೆ ಬೆಳಗ್ಗೆ ಐದು ಗಂಟೆಗೆ ಹಾಲು ಕರೆಯುವ ಮುಂಚೆ ಕ್ಯಾನಿನ ಮುಚ್ಚಳ ತೆಗೆದು ಮೂಗು ಹತ್ತಿರ ಹಿಡಿಯಿರಿ. ಹಳೇ ಮಜ್ಜಿಗೆಯ ಹಾಗೆ ಒಂದು ಮುಗ್ಗಲು ವಾಸನೆ ಬಂತಾ? ಈಗ ಕ್ಯಾನನ್ನು ಓರೆ ಮಾಡಿ. ತಳದಲ್ಲಿ ನಾಲ್ಕು ಚಮಚದಷ್ಟು ನೀರು ಓಡಾಡುತ್ತದೆ. ನೋಡಿದರೆ ನೀರಿನ ಹಾಗೆ ತಿಳಿಯಾಗೇ ಇರುತ್ತದೆ. ಅದರಲ್ಲಿ ರಾತ್ರಿಯ ಹಾಲಿನ ಪಸೆ ಸೇರಿದೆ. ಬ್ಯಾಕ್ಟೀರಿಯಾಕ್ಕೆ, ಅಂದರೆ ಯಜಮಾನರು ಹೇಳಿದ ಹುಳಕ್ಕೆ, ಬೇಕಾದದ್ದು ಮೂರೇ: ಊಟ, ನೀರು, ಬೆಚ್ಚಗೆ. ನೀವು ಮೂರನ್ನೂ ಕೊಟ್ಟು ಮೇಲೆ ಮುಚ್ಚಳ ಹಾಕಿ ಮಲಗಿಸಿದ್ದೀರಿ. ಬಾಣಂತಿಗೂ ಇಷ್ಟು ಆರೈಕೆ ಸಿಗಲ್ಲ.

ಲೆಕ್ಕ ಮಾಡೋಣ. ಅರ್ಧ ಗಂಟೆಗೊಮ್ಮೆ ಒಂದು ಎರಡಾಗುತ್ತದೆ ಅಂತ ಇಟ್ಟುಕೊಳ್ಳಿ. ಸಂಜೆ ಏಳಕ್ಕೆ ತೊಳೆದಿರಿ, ಬೆಳಗ್ಗೆ ಐದಕ್ಕೆ ತೆಗೆದಿರಿ. ಹತ್ತು ಗಂಟೆ, ಇಪ್ಪತ್ತು ಸಲ ದುಪ್ಪಟ್ಟು. ಒಂದು ಇದ್ದದ್ದು ಹತ್ತು ಲಕ್ಷ ಆಗುತ್ತದೆ. ಈಗ ಓದಿದ ಹುಡುಗರು ಬರುತ್ತಾರೆ, "ಸಾರ್, ರಾತ್ರಿ ತಂಪಿರುತ್ತದೆ, ಅಷ್ಟು ವೇಗವಾಗಿ ಬೆಳೆಯಲ್ಲ" ಅಂತ. ಆಯ್ತಪ್ಪಾ, ಬೆಳೆಯಲ್ಲ. ಹತ್ತರಲ್ಲಿ ಒಂದು ಪಾಲೇ ಬೆಳೆಯಿತು ಅನ್ನು. ಒಂದು ಲಕ್ಷ ಆಯ್ತು. ಸಂತೋಷನಾ? ಅದರ ಮೇಲೆ ಬೆಚ್ಚಗಿನ ನೊರೆಹಾಲು ಸುರಿಯುತ್ತೀರಿ.

ಬಾಯಿಮಾತು ಬೇಡ ಅಂತ ನಾನೇ ಮಾಡಿ ನೋಡಿದೆ. ನಮ್ಮ ಅಕ್ಕನ ಮನೆಯಲ್ಲಿ ಒಂದೇ ತರಹದ ಎರಡು ಸ್ಟೀಲ್ ಕ್ಯಾನು. ಎರಡನ್ನೂ ಒಟ್ಟಿಗೆ ಒಂದೇ ನೀರಲ್ಲಿ ತೊಳೆದೆವು. ಒಂದನ್ನು ಅಕ್ಕನ ಪದ್ಧತಿಯ ಹಾಗೆ ನೆಟ್ಟಗೆ ನಿಲ್ಲಿಸಿ ಮುಚ್ಚಳ ಹಾಕಿದೆವು. ಇನ್ನೊಂದನ್ನು ಎರಡು ಇಟ್ಟಿಗೆಯ ಮೇಲೆ ಬೋರಲು ಹಾಕಿದೆವು. ಬೆಳಗ್ಗೆ ಒಂದೇ ಹಸುವಿನ ಹಾಲನ್ನು ಒಂದೇ ಬಕೆಟ್ಟಿನಿಂದ ಎರಡಕ್ಕೂ ಹಾಕಿ, ಲ್ಯಾಬ್ ನಡೆಸುವ ಸ್ನೇಹಿತನ ಹತ್ತಿರ ಒಯ್ದೆ. ಅವನು ಗಾಜಿನ ನಳಿಗೆಯಲ್ಲಿ 10 ಎಂಎಲ್ ಹಾಲಿಗೆ 1 ಎಂಎಲ್ ಮಿಥಿಲೀನ್ ಬ್ಲೂ ದ್ರಾವಣ ಹಾಕಿ, 37 ಡಿಗ್ರಿ ಬಿಸಿನೀರಲ್ಲಿ ಇಟ್ಟ. ಹಾಲು ತಿಳಿನೀಲಿ ಆಗುತ್ತದೆ. ಬ್ಯಾಕ್ಟೀರಿಯಾ ಹಾಲಿನೊಳಗಿನ ಆಮ್ಲಜನಕವನ್ನು ತಿಂದು ಮುಗಿಸಿದ ಹಾಗೆ ನೀಲಿ ಹೋಗಿ ಬೆಳ್ಳಗಾಗುತ್ತದೆ. ಬೇಗ ಬೆಳ್ಳಗಾದರೆ ಹುಳ ಜಾಸ್ತಿ ಅಂತ ಅರ್ಥ. ಐದು ಗಂಟೆ ದಾಟಿದರೆ ಬಹಳ ಒಳ್ಳೆಯ ಹಾಲು. ಅರ್ಧ ಗಂಟೆಗೇ ಬೆಳ್ಳಗಾದರೆ ಕಳಪೆ.

ನೆಟ್ಟಗಿಟ್ಟ ಕ್ಯಾನಿನ ಹಾಲು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬೆಳ್ಳಗಾಯಿತು. ಬೋರಲು ಕ್ಯಾನಿನದ್ದು ಐದು ಗಂಟೆ ಆದರೂ ನೀಲಿಯಾಗೇ ಇತ್ತು. ಸ್ನೇಹಿತ ಊಟಕ್ಕೆ ಹೋಗಿ ಬಂದ, ಆಗಲೂ ನೀಲಿ. ಹಸು ಅದೇ, ಹಿಂಡಿ ಅದೇ, ಕರೆದವಳೂ ಅದೇ ನಮ್ಮ ಅಕ್ಕ. ಡೈರಿಯಲ್ಲಿ ಎರಡಕ್ಕೂ ಒಂದೇ ಫ್ಯಾಟು, ಫ್ಯಾಟು ಬಿಟ್ಟ ಗಟ್ಟಿ ಅಂಶವೂ ಒಂದೇ, ಅಂದರೆ ಒಂದೇ ಎಸ್‌ಎನ್‌ಎಫ್ ಬರುತ್ತಿತ್ತು. ಫ್ಯಾಟು ನೋಡುವ ಮೆಷಿನ್ನಿಗೂ ಲ್ಯಾಕ್ಟೋಮೀಟರಿಗೂ ಹುಳ ಕಾಣಲ್ಲ ಕಣ್ರೀ. ನೀಲಿ ಹೋಗಿದ್ದು ನೋಡಿ ಅಕ್ಕ ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ, ಅದು ಬೇರೆ ಕಥೆ.

ಈಗ ಯಜಮಾನರ "ಕಾಯಿಸ್ತಾರೆ ಬಿಡಿ"ಗೆ ಬರುತ್ತೇನೆ. ಕಾಯಿಸಿದರೆ ಹುಳ ಬಹುಪಾಲು ಸಾಯುತ್ತವೆ, ಹೌದು. ಆದರೆ ಸಾಯುವ ಮುಂಚೆ ಹಾಲಿನ ಸಕ್ಕರೆಯನ್ನು ಹುಳಿ ಮಾಡಿರುತ್ತವಲ್ಲ, ಆ ಹುಳಿ ಎಲ್ಲಿಗೆ ಹೋಗುತ್ತದೆ? ಹುಳಿ ಸಾಕಷ್ಟು ಆಗಿದ್ದರೆ ಒಲೆಯ ಮೇಲೆ ಹಾಲು ಒಡೆಯುತ್ತದೆ. ಕೆಚ್ಚಲು ಬಾವು ತರುವ ಸ್ಟ್ಯಾಫಿಲೋಕಾಕಸ್ ಜಾತಿಯ ಕೆಲವು ಹಾಲಿನಲ್ಲಿ ಬಿಡುವ ವಿಷ ಕುದಿಸಿದರೂ ಹೋಗಲ್ಲ. ಬಿಎಂಸಿಯಲ್ಲಿ, ಅಂದರೆ ಊರ ಹಾಲೆಲ್ಲ ಸೇರಿಸಿಡುವ ದೊಡ್ಡ ತಂಪು ಟ್ಯಾಂಕಿನಲ್ಲಿ, ತಂಪು ಮಾಡುತ್ತಾರೆ ಅಂತೀರಾ? ತಂಪು ಹುಳವನ್ನು ಕೊಲ್ಲಲ್ಲ, ಬೆಳೆಯೋದನ್ನು ನಿಧಾನ ಮಾಡುತ್ತದೆ ಅಷ್ಟೇ. ನೀವು ಹತ್ತು ಲೀಟರ್ ಹಾಕಿದ್ದು ಊರಿನ ಎಲ್ಲರ ಹಾಲಿನ ಜೊತೆ ಒಂದೇ ಟ್ಯಾಂಕಿಗೆ ಬೀಳುತ್ತದೆ. ಬೋರಲು ಹಾಕದವನ ಕ್ಯಾನು ಬೋರಲು ಹಾಕಿದವನ ಹಾಲನ್ನೂ ಕೆಡಿಸುತ್ತದೆ.

ಇಲ್ಲಿ ಒಂದು ನಿಮಿಷ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಹಸು ಮಾರುವ ವಿಡಿಯೋಗೆ ಲಕ್ಷ ಜನ ಬರುತ್ತಾರೆ, ಕ್ಯಾನು ತೊಳೆಯೋದಕ್ಕೆ ನೂರು ಜನ. ಆ ನೂರರಲ್ಲಿ ಎಂಟು ಜನ ನಮ್ಮ ಮನೆಯವರೇ.

ತೊಳೆಯೋದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೊಳಕು ಕ್ಯಾನನ್ನೇ ಬೋರಲು ಹಾಕುತ್ತೀರಿ. ಡೈರಿಯಿಂದ ಬಂದ ತಕ್ಷಣ ತಣ್ಣೀರಲ್ಲಿ ಜಾಲಿಸಿ. ಮೊದಲೇ ಕುದಿನೀರು ಹಾಕಬೇಡಿ, ಹಾಲಿನ ಪ್ರೋಟೀನು ಬೆಂದು ಗೋಡೆಗೆ ಅಂಟುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಲೀಟರಿಗೆ ಒಂದು ಟೀ ಚಮಚ ವಾಷಿಂಗ್ ಸೋಡಾ ಹಾಕಿ ಬ್ರಶ್ಶಿನಲ್ಲಿ ಉಜ್ಜಿ. ಕತ್ತಿನ ಒಳಗೆ, ಮುಚ್ಚಳದ ರಬ್ಬರ್ ತೆಗೆದು ಅದರ ಸಂದಿಗೂ. ಬೂದಿ, ಮಣ್ಣು ಬೇಡ, ಗೀರು ಬಿದ್ದರೆ ಆ ಗೀರೇ ಹುಳದ ಮನೆ. ಒಳಗೆ ಬೆರಳಾಡಿಸಿದರೆ ಒರಟು ಹಳದಿ ಪೊರೆ ಸಿಕ್ಕಿದರೆ ಅದು ಹಾಲುಗಲ್ಲು, ಇನ್ನೂ ಉಜ್ಜಬೇಕು. ಚೆನ್ನಾಗಿ ಜಾಲಿಸಿ. ಆಮೇಲೆ? ಬೋರಲು!

ನೆಲದ ಮೇಲೆ ಬೋರಲು ಹಾಕಿದರೆ ಪ್ರಯೋಜನ ಇಲ್ಲ. ಬಾಯಿ ನೆಲಕ್ಕೆ ಅಂಟಿ ಒಳಗಿನ ತೇವ ಅಲ್ಲೇ ಉಳಿಯುತ್ತದೆ, ಗಂಜಲ ಬೇರೆ. ಗಾಳಿ ಒಳಗೆ ಹೋಗಬೇಕು. ಎರಡು ಇಟ್ಟಿಗೆ ಸಾಕು. ಮಳೆಗಾಲದಲ್ಲಿ ಬಿಸಿಲಿಲ್ಲ ಅಂತೀರಾ, ಗಾಳಿ ಇದೆ ಅಲ್ವಾ? ಕೋಳಿ ಬರುತ್ತದೆ ಅಂತೀರಾ, ಎತ್ತರಕ್ಕಿಡಿ. ಕ್ಯಾನು ಯಾರಾದರೂ ಕದ್ದುಕೊಂಡು ಹೋದರೆ ಅಂತ ಒಬ್ಬರು ಕೇಳಿದರು. ಬೋರಲು ಹಾಕಿದರೆ ಕಳ್ಳನಿಗೆ ಹಿಡಿ ಸಿಗಲ್ಲ, ಹೋಗಿ!

ಕೆಚ್ಚಲಿನ ಕಥೆಯೂ ಅದೇ. ತೊಳೆದು ಹಾಗೇ ಕರೆಯಲು ಕೂರುತ್ತೀರಿ, ನೀರು ತೊಟ್ಟಿನಿಂದ ಬಕೆಟ್ಟಿಗೆ ಇಳಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಪ್ರತಿ ಹಸುವಿಗೂ ಬೇರೆ ಬಟ್ಟೆ. ಮೊದಲ ಎರಡು ಮೂರು ಧಾರೆ ಬೇರೆ ಲೋಟಕ್ಕೆ ಕರೆದು ನೋಡಿ, ತರಿ ತರಿಯಾಗಿ ಬಂದರೆ ಆ ಹಾಲು ಡೈರಿಗೆ ಬೇಡ. ಇದನ್ನು ಇನ್ನೊಂದು ವಿಡಿಯೋದಲ್ಲಿ ಹೇಳುತ್ತೇನೆ. ಇವತ್ತು ಬೇಡ. ಇವತ್ತು ಕ್ಯಾನು.

ನನ್ನ ಭಾವಮೈದ ಕಾಮಾಕ್ಷಿಪಾಳ್ಯದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ನಾಲ್ಕು ಕ್ಯಾನು ಬೋರಲು ನಿಲ್ಲುವ ಕಬ್ಬಿಣದ ಸ್ಟ್ಯಾಂಡ್ ಮಾಡಿಕೊಡುತ್ತಾನೆ. ಹೌದು, ಜಾಹೀರಾತೇ. ಬೇಡ ಅಂದರೆ ಇಟ್ಟಿಗೆ ಇದೆ. ಯಜಮಾನರೇ, ನೀವು ಈ ವಿಡಿಯೋ ನೋಡುತ್ತಿದ್ದರೆ, ಮೊಬೈಲು ಇಟ್ಟು ಎದ್ದು ಹೋಗಿ. ನಿಮ್ಮ ಕ್ಯಾನು ಈಗಲೂ ನೆಟ್ಟಗೇ ನಿಂತಿದೆ, ನನಗೆ ಗೊತ್ತು. ನಿಮ್ಮ ಸೊಸೆ ನಿನ್ನೆ ರಾತ್ರಿಯೇ ಫೋನ್ ಮಾಡಿ ಹೇಳಿದರು.