ಅನುಭವದ ಕಾಗದ ತಾಳೆ ಬೀಳಬೇಕು

ಕೇಳುಗರಿಗೆ ನಮಸ್ಕಾರ.

ಐಟಿಐ ಮುಗಿಸಿ, ಪೀಣ್ಯದ ಮಷೀನ್ ಶಾಪುಗಳಲ್ಲಿ ಏಳೆಂಟು ವರ್ಷ ಸಿಎನ್‌ಸಿ ಲೇತ್ ಮೇಲೆ ಕೈ ಪಳಗಿಸಿಕೊಂಡವರಲ್ಲಿ ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕುವವರಿದ್ದಾರೆ. ಇವರು ಮಾಡುವ ಕೆಲಸಕ್ಕೆ ಅಲ್ಲಿ ಮೆಟಲ್ ಮಷಿನಿಸ್ಟ್, ಫಸ್ಟ್ ಕ್ಲಾಸ್ ಎಂದು ಹೆಸರು. ಆನ್ಜ್‌ಸ್ಕೋ ಎಂಬ ಉದ್ಯೋಗಗಳ ಪಟ್ಟಿಯಲ್ಲಿ ಅದರ ಸಂಖ್ಯೆ 323214. ಕೌಶಲದ ಆಧಾರದ ಮೇಲೆ ವೀಸಾ ಕೇಳುವವರು ಮೊದಲು ಸ್ಕಿಲ್ ಅಸೆಸ್‌ಮೆಂಟ್ ಮಾಡಿಸಿಕೊಳ್ಳಬೇಕು. ಈ ಟ್ರೇಡಿಗೆ ಅದನ್ನು ಮಾಡುವುದು ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ, ಚಿಕ್ಕದಾಗಿ ಟಿಆರ್‌ಎ. ಅಲ್ಲಿಗೆ ಕಳಿಸುವ ರೆಸ್ಯೂಮೆಯಲ್ಲಿ ಕೆಲಸದ ವಿವರವನ್ನು ಹೇಗೆ ಬರೆಯಬೇಕು ಎಂಬುದು ಇವತ್ತಿನ ವಿಷಯ.

ಪೀಣ್ಯದಲ್ಲಿ ಕೆಲಸ ಕೇಳುವಾಗ ಕೊಡುವ ಬಯೋಡೇಟಾ ಇಲ್ಲಿ ಸಾಲದು. ಅದನ್ನು ಓದುವ ಮಾಲೀಕರು ಮರುದಿನವೇ ಮಷೀನ್ ಮುಂದೆ ನಿಲ್ಲಿಸಿ ಕೈ ಹೇಗಿದೆ ಎಂದು ನೋಡಿಬಿಡುತ್ತಾರೆ. ಟಿಆರ್‌ಎಯ ಪರಿಶೀಲಕರಿಗೆ ಮೊದಲು ಸಿಗುವುದು ಕಾಗದ ಮಾತ್ರ. ನಿಮ್ಮ ರೆಸ್ಯೂಮೆಯ ಪ್ರತಿ ಸಾಲನ್ನೂ ಅವರು ಇನ್ನೊಂದು ಕಾಗದದ ಜೊತೆ ತಾಳೆ ನೋಡುತ್ತಾರೆ. ಕಂಪನಿ ಕೊಟ್ಟ ಅನುಭವ ಪತ್ರ, ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16, ಪಿಎಫ್ ಪಾಸ್‌ಬುಕ್ ಇವೆಲ್ಲ ಮೇಜಿನ ಮೇಲೆ ಹರಡಿರುತ್ತವೆ. ಆದ್ದರಿಂದ ರೆಸ್ಯೂಮೆ ಬರೆಯಲು ಕೂರುವ ಮೊದಲು ನೀವೂ ಅವನ್ನೆಲ್ಲ ಹರಡಿಕೊಂಡು ಕೂರಬೇಕು.

ಮೊದಲು ತಾರೀಕುಗಳನ್ನು ನೋಡೋಣ. ನೆನಪಿನಿಂದ ತಾರೀಕು ಬರೆಯಬೇಡಿ. ಇಪಿಎಫ್‌ಒ ಜಾಲತಾಣದಲ್ಲಿ ನಿಮ್ಮ ಯುಎಎನ್ ಸಂಖ್ಯೆಯಿಂದ ಒಳಗೆ ಹೋದರೆ ಸರ್ವಿಸ್ ಹಿಸ್ಟರಿ ಸಿಗುತ್ತದೆ. ಯಾವ ಸಂಸ್ಥೆಯಲ್ಲಿ ಯಾವತ್ತು ಸೇರಿದಿರಿ, ಯಾವತ್ತು ಬಿಟ್ಟಿರಿ ಎಂಬುದು ಅದರಲ್ಲಿದೆ. ಅದರ ಪಕ್ಕಕ್ಕೆ ನೇಮಕಾತಿ ಪತ್ರ ಮತ್ತು ರಿಲೀವಿಂಗ್ ಪತ್ರ ಇಡಿ. ಬಹಳ ಜನರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ. ಕೆಲಸಕ್ಕೆ ಸೇರಿದ್ದು 2015ರ ಆಗಸ್ಟ್‌ನಲ್ಲಿ, ಪಿಎಫ್ ಶುರುವಾದದ್ದು 2016ರ ಜನವರಿಯಲ್ಲಿ ಎಂದುಕೊಳ್ಳಿ. ನಡುವಿನ ಐದು ತಿಂಗಳು ಎಲ್ಲಿಗೆ ಹೋಯಿತು ಎಂದು ಪರಿಶೀಲಕರು ಕೇಳುತ್ತಾರೆ. ನೇಮಕಾತಿ ಪತ್ರವೂ ಆ ತಿಂಗಳುಗಳ ಸಂಬಳ ಬ್ಯಾಂಕಿಗೆ ಬಂದ ದಾಖಲೆಯೂ ಇದ್ದರೆ ಆಗಸ್ಟ್ ಎಂದೇ ಬರೆಯಿರಿ, ಪಿಎಫ್ ತಡವಾಗಿ ಶುರುವಾಯಿತು ಎಂಬುದನ್ನು ಕಂಪನಿಯ ಪತ್ರದಲ್ಲಿ ಒಂದು ಸಾಲಿನಲ್ಲಿ ಹೇಳಿಸಿ. ಸಂಬಳ ಕೈಗೆ ನಗದಾಗಿ ಬಂದಿದ್ದು ಯಾವ ದಾಖಲೆಯೂ ಇಲ್ಲದಿದ್ದರೆ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಆದರೆ ಆ ಐದು ತಿಂಗಳು ಲೆಕ್ಕಕ್ಕೆ ಸಿಗುತ್ತದೆಂದು ನಂಬಿ ಕೂರಬೇಡಿ. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಸಣ್ಣ ಶಾಪುಗಳಿಗೆ ಸಾಮಾನ್ಯವಾಗಿ ಪಿಎಫ್ ಕಡ್ಡಾಯವಿಲ್ಲ. ಅಂಥ ಕಡೆ ದುಡಿದವರಿಗೆ ಬ್ಯಾಂಕ್ ಸ್ಟೇಟ್‌ಮೆಂಟೇ ಮುಖ್ಯ ಆಧಾರ.

ಪಿಎಫ್‌ನಲ್ಲಿ ಕಾಣುವ ಸಂಸ್ಥೆಯ ಹೆಸರೂ ತೊಡಕು ತರುತ್ತದೆ. ದುಡಿದದ್ದು ಒಂದು ಫ್ಯಾಕ್ಟರಿಯಲ್ಲಿ, ಸಂಬಳ ಕೊಟ್ಟದ್ದು ಲೇಬರ್ ಕಾಂಟ್ರಾಕ್ಟರ್. ಇದು ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ದಿನನಿತ್ಯದ ಮಾತು. ರೆಸ್ಯೂಮೆಯಲ್ಲಿ ಫ್ಯಾಕ್ಟರಿಯ ಹೆಸರು ಮಾತ್ರ ಬರೆದರೆ ಪಾಸ್‌ಬುಕ್ ಬೇರೆ ಹೆಸರು ಹೇಳುತ್ತದೆ. ಹಾಗಾಗಿ ಎರಡನ್ನೂ ಬರೆಯಬೇಕು, ಸಂಬಳ ಕೊಟ್ಟ ಸಂಸ್ಥೆ ಇಂಥದು, ಕೆಲಸ ನಡೆದ ಜಾಗ ಇಂಥದು ಎಂದು. ಕಂಪನಿ ಮೊದಲು ಒಬ್ಬರ ಮಾಲೀಕತ್ವದಲ್ಲಿದ್ದು ಆಮೇಲೆ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ, ಹಳೆಯ ಹೆಸರು, ಹೊಸ ಹೆಸರು, ಬದಲಾದ ತಿಂಗಳು ಮೂರೂ ಇರಲಿ.

ಇನ್ನು ಹುದ್ದೆಯ ಹೆಸರು. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಒಳ್ಳೆಯ ಕೆಲಸಗಾರರು ಇಲ್ಲೇ ಸೋಲುತ್ತಾರೆ. ನಮ್ಮ ಶಾಪುಗಳಲ್ಲಿ ಮಷೀನ್ ಮುಂದೆ ನಿಂತವರೆಲ್ಲ ಕಾಗದದ ಮೇಲೆ ಸಿಎನ್‌ಸಿ ಆಪರೇಟರ್. ಪೀಸ್ ಹಾಕಿ, ಬಾಗಿಲು ಮುಚ್ಚಿ, ಸೈಕಲ್ ಸ್ಟಾರ್ಟ್ ಒತ್ತುವವರೂ ಆಪರೇಟರ್. ಡ್ರಾಯಿಂಗ್ ಓದಿ, ಟೂಲ್ ಆರಿಸಿ, ಮಷೀನ್ ಸೆಟ್ ಮಾಡಿ, ಪ್ರೋಗ್ರಾಂ ತಿದ್ದುವವರೂ ಆಪರೇಟರ್. ಆಸ್ಟ್ರೇಲಿಯಾದ ಲೆಕ್ಕದಲ್ಲಿ ಟ್ರೇಡ್ ಮಟ್ಟದ ಕೆಲಸ ಎಂದರೆ ಎರಡನೆಯದು. ಹಾಗೆಂದು ರೆಸ್ಯೂಮೆಯಲ್ಲಿ ನೀವೇ ಹುದ್ದೆಯ ಹೆಸರನ್ನು ಮೆಟಲ್ ಮಷಿನಿಸ್ಟ್ ಎಂದು ಬದಲಿಸಿಬಿಟ್ಟರೆ, ಪೇ ಸ್ಲಿಪ್ ಆಪರೇಟರ್ ಎನ್ನುತ್ತದೆ, ರೆಸ್ಯೂಮೆ ಇನ್ನೊಂದು ಎನ್ನುತ್ತದೆ, ಅನುಮಾನ ಹುಟ್ಟುತ್ತದೆ. ಕಾಗದದಲ್ಲಿರುವ ಹುದ್ದೆಯನ್ನೇ ಇಡಿ. ಆ ಹುದ್ದೆಯಲ್ಲಿ ನೀವು ಮಾಡಿದ ಕೆಲಸ ಯಾವ ಮಟ್ಟದ್ದು ಎಂಬುದನ್ನು ಕೆಳಗಿನ ವಿವರವೇ ತೋರಿಸಲಿ.

ಈಗ ಆ ವಿವರಕ್ಕೆ ಬರೋಣ. ರೆಸ್ಯೂಮೆ ಬರೆಯುವುದು ಇಂಗ್ಲಿಷಿನಲ್ಲೇ, ಆದರೆ ಹೂರಣ ಯಾವುದು ಎಂಬುದನ್ನು ಕನ್ನಡದಲ್ಲೇ ನೋಡಬಹುದು. ಹಲವರು ಬರೆಯುವ ಸಾಲು ಹೀಗಿರುತ್ತದೆ: ಸಿಎನ್‌ಸಿ ಮಷೀನ್ ನಡೆಸುವುದು ಹಾಗೂ ಗುಣಮಟ್ಟ ಕಾಪಾಡುವುದು ನನ್ನ ಜವಾಬ್ದಾರಿ. ಇದರಲ್ಲಿ ತಾಳೆ ನೋಡಲು ಏನೂ ಇಲ್ಲ. ಇನ್ನು ಕೆಲವರು ಆನ್ಜ್‌ಸ್ಕೋ ಪಟ್ಟಿಯಲ್ಲಿರುವ ಸಾಲುಗಳನ್ನೇ ಎತ್ತಿ ಅಂಟಿಸುತ್ತಾರೆ. ಅದು ಇನ್ನೂ ಕೆಟ್ಟದು. ಪರಿಶೀಲಕರು ದಿನಾ ಓದುವ ಸಾಲುಗಳು ಅವು, ನೋಡಿದ ಕೂಡಲೇ ಗೊತ್ತಾಗುತ್ತದೆ. ಆ ಪಟ್ಟಿ ಹೇಳುವುದು ಹತ್ತಿರದ ಹಲವು ಉದ್ಯೋಗಗಳ ಇಡೀ ಗುಂಪಿನ ಮಾತು, ಜವಳಿ ಯಂತ್ರ ಹೊಂದಿಸುವ ಕೆಲಸವೂ ಅದರಲ್ಲಿ ಬರುತ್ತದೆ. ಶಾಫ್ಟು, ಬುಷ್ ತಯಾರಿಸುವ ಪೀಣ್ಯದ ಶಾಪಿನವರ ರೆಸ್ಯೂಮೆಯಲ್ಲಿ ಜವಳಿ ಯಂತ್ರ ಕಾಣಿಸಿಕೊಂಡರೆ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ.

ಒಂದು ಕೆಲಸದ ವಿವರದಲ್ಲಿ ನಾಲ್ಕು ಸಂಗತಿ ಇರಬೇಕು. ಏನು ಮಾಡಿದಿರಿ, ಯಾವ ಮಷೀನಿನಲ್ಲಿ ಮಾಡಿದಿರಿ, ಯಾವ ಲೋಹದ ಮೇಲೆ ಎಷ್ಟು ಅಳತೆಗೆ ಮಾಡಿದಿರಿ, ಸರಿಯಾಗಿದೆ ಎಂದು ಯಾವ ಉಪಕರಣದಿಂದ ತಿಳಿದುಕೊಂಡಿರಿ. ಒಂದು ಉದಾಹರಣೆ ಕಟ್ಟೋಣ. ಇಎನ್8 ಉಕ್ಕಿನ ಬುಷ್, ಒಳಗಿನ ಬೋರ್ 40 ಮಿಲಿಮೀಟರ್, ಫಿಟ್ H7. ಅಂದರೆ ಬೋರ್ 40.000ದಿಂದ 40.025ರೊಳಗೆ ಬರಬೇಕು. ಈ ಕೆಲಸವನ್ನು ಹೀಗೆ ಬರೆಯಬಹುದು: ಡ್ರಾಯಿಂಗ್ ಓದಿ ಆಪರೇಷನ್‌ಗಳ ಅನುಕ್ರಮ ನಿರ್ಧರಿಸಿದೆ. ಫ್ಯಾನುಕ್ ಕಂಟ್ರೋಲ್ ಇರುವ ಸಿಎನ್‌ಸಿ ಲೇತ್‌ನಲ್ಲಿ ಸಾಫ್ಟ್ ಜಾ ಬೋರ್ ಮಾಡಿ ಪೀಸ್ ಹಿಡಿಸಿದೆ. ಟೂಲ್ ಆಫ್‌ಸೆಟ್ ತೆಗೆದುಕೊಂಡು, G54ನಲ್ಲಿ ವರ್ಕ್ ಆಫ್‌ಸೆಟ್ ಹಾಕಿದೆ. ಮೊದಲ ಪೀಸನ್ನು ಬೋರ್ ಗೇಜ್‌ನಿಂದ ಅಳೆದು ದಾಖಲಿಸಿದೆ. ಇನ್ಸರ್ಟ್ ಸವೆದು ಬೋರ್ ಚಿಕ್ಕದಾಗುತ್ತಾ ಬಂದಾಗ ವೇರ್ ಆಫ್‌ಸೆಟ್ ತಿದ್ದಿ ಮತ್ತೆ ಅಳತೆಗೆ ತಂದೆ.

ಕೊನೆಯ ಸಾಲನ್ನು ಗಮನಿಸಿ. ಬೋರ್ 39.99ಕ್ಕೆ ಇಳಿದಾಗ ಎಕ್ಸ್ ವೇರ್‌ನಲ್ಲಿ 0.02 ಸೇರಿಸಿದರೆ ಅದು 40.01ಕ್ಕೆ ಬರುತ್ತದೆ ಎಂಬುದು ಮಷೀನ್ ಮುಂದೆ ನಿಂತು ಕಲಿತವರ ಬಾಯಲ್ಲಿ ಬರುವ ಮಾತು. ಬಟನ್ ಒತ್ತುವವರಿಗೂ ಸೆಟ್ಟರ್‌ಗೂ ಇರುವ ವ್ಯತ್ಯಾಸವನ್ನು ಅದು ಒಂದೇ ಸಾಲಿನಲ್ಲಿ ತೋರಿಸುತ್ತದೆ. ನಿಮ್ಮ ಕೆಲಸದಲ್ಲಿ ಇಂಥ ತೀರ್ಮಾನಗಳು ಎಲ್ಲೆಲ್ಲಿ ಬಂದವು ಎಂದು ಯೋಚಿಸಿ ಬರೆಯಿರಿ. ಪ್ರತಿ ಕಂಪನಿಗೆ ಇಂಥ ಆರೇಳು ವಿವರ ಸಾಕು, ಇಪ್ಪತ್ತು ಬೇಡ. ಪ್ರೋಗ್ರಾಂ ಬರೆದದ್ದು ಬೇರೆಯವರು, ನೀವು ಫೀಡ್, ಸ್ಪೀಡ್ ಮಾತ್ರ ತಿದ್ದುತ್ತಿದ್ದರೆ ಹಾಗೆಂದೇ ಬರೆಯಿರಿ. ಹಲವು ಟ್ರೇಡ್‌ಗಳಲ್ಲಿ ಕಾಗದ ನೋಡಿದ ಮೇಲೆ ತಾಂತ್ರಿಕ ಸಂದರ್ಶನ ಇರುತ್ತದೆ, ಅಲ್ಲಿ ಪ್ರಶ್ನೆ ಹುಟ್ಟುವುದು ನೀವು ಬರೆದ ಸಾಲುಗಳಿಂದಲೇ. ಪ್ರೋಗ್ರಾಂ ನಾನೇ ಬರೆದೆ ಎಂದವರನ್ನು G71 ಸೈಕಲ್ ವಿವರಿಸಿ ಎಂದು ಕೇಳಿದರೆ ತಡವರಿಸುವ ಹಾಗಿರಬಾರದು.

ಹೊತ್ತಿನ ಹಂಚಿಕೆಯನ್ನೂ ಬರೆದರೆ ವಿವರಕ್ಕೆ ತೂಕ ಬರುತ್ತದೆ. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆಯಂತೆ 48 ಗಂಟೆ ಎಂದಿಟ್ಟುಕೊಳ್ಳಿ. ಸೆಟ್ಟಿಂಗ್‌ಗೆ 14 ಗಂಟೆ, ಪ್ರೋಗ್ರಾಂ ತಿದ್ದಲು 6, ಮಷೀನಿಂಗ್‌ಗೆ 18, ಅಳತೆ ಪರೀಕ್ಷೆಗೆ 6, ಮಷೀನ್ ಆರೈಕೆಗೆ 4. ಕೂಡಿದರೆ 48 ಆಗಬೇಕು. ಹೀಗೆ ಬರೆದಾಗ ಟ್ರೇಡ್ ಕೆಲಸ ಎಷ್ಟು, ಉಳಿದದ್ದು ಎಷ್ಟು ಎಂಬುದು ನಿಮಗೇ ಕಾಣುತ್ತದೆ. ಆಮೇಲಿನ ವರ್ಷಗಳಲ್ಲಿ ನೀವು ಸೂಪರ್‌ವೈಸರ್ ಆಗಿ, ಮಷೀನ್ ಮುಟ್ಟುವುದೇ ಅಪರೂಪವಾಗಿದ್ದರೆ ಆ ಅವಧಿಯನ್ನು ಬೇರೆ ಮಾಡಿ. ಕಲಿಯುತ್ತಿದ್ದ ಮೊದಲ ವರ್ಷಗಳನ್ನೂ ಹಾಗೆಯೇ ಬೇರೆ ಮಾಡಿ. ಎಂಟು ವರ್ಷವನ್ನು ಒಂದೇ ಗಂಟು ಕಟ್ಟಿ, ಸೇರಿದ ದಿನದಿಂದಲೇ ಸೆಟ್ಟರ್ ಎಂಬಂತೆ ಬರೆದರೆ ಸಂಬಳದ ಏರಿಕೆಯೇ ಅದನ್ನು ಬಯಲು ಮಾಡುತ್ತದೆ. ಹೆಲ್ಪರ್ ಸಂಬಳದಲ್ಲಿ ಯಾರೂ ಸೆಟ್ಟರ್‌ನನ್ನು ಇಟ್ಟುಕೊಳ್ಳುವುದಿಲ್ಲ ಎಂಬುದು ಅವರಿಗೂ ಗೊತ್ತು.

ಕಂಪನಿಯ ಅನುಭವ ಪತ್ರ ಲೆಟರ್‌ಹೆಡ್ ಮೇಲಿರಬೇಕು. ಕೆಲಸದ ಅವಧಿ, ವಾರದ ಗಂಟೆ, ಮಾಡಿದ ಕೆಲಸ, ಬಳಸಿದ ಮಷೀನು, ಸಹಿ ಮಾಡಿದವರ ಹೆಸರು, ಹುದ್ದೆ, ಫೋನ್, ಇಮೇಲ್ ಇವೆಲ್ಲ ಅದರಲ್ಲಿರಬೇಕು. ಸಹಿ ಮಾಡುವವರು ನಿಮ್ಮ ಕೆಲಸ ಕಣ್ಣಾರೆ ಕಂಡವರಾದರೆ ಒಳ್ಳೆಯದು. ರೆಸ್ಯೂಮೆಯನ್ನೂ ಪತ್ರವನ್ನೂ ಒಬ್ಬರೇ ಕೂತು ಪದಕ್ಕೆ ಪದ ಒಂದೇ ಆಗಿ ಟೈಪ್ ಮಾಡಿದರೆ ಅದೂ ಕಣ್ಣಿಗೆ ಬೀಳುತ್ತದೆ. ಸಂಗತಿ ಒಂದೇ ಇರಲಿ, ಮಾತು ಅವರವರದಾಗಿರಲಿ. ಮಾಡದ ಕೆಲಸವನ್ನು ಗೆಳೆಯರ ಕಂಪನಿಯಿಂದ ಬರೆಸಿಕೊಂಡು ಬರುವ ದಾರಿ ಬೇಡ. ಆಸ್ಟ್ರೇಲಿಯಾದ ವೀಸಾ ನಿಯಮಗಳಲ್ಲಿ 4020 ಎಂಬ ಷರತ್ತಿದೆ. ಸುಳ್ಳು ದಾಖಲೆ ಕೊಟ್ಟಿದ್ದಾರೆಂದು ಅದರಡಿ ವೀಸಾ ತಿರಸ್ಕಾರವಾದರೆ ಆ ಷರತ್ತಿರುವ ಬೇರೆ ವೀಸಾಗಳೂ ಮೂರು ವರ್ಷ ಕೈತಪ್ಪುತ್ತವೆ, ಜೊತೆಗೆ ಅರ್ಜಿ ಹಾಕಿದ ಮನೆಯವರಿಗೂ ಅದರ ಬಿಸಿ ತಟ್ಟುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಹಾಳೆ ತೆಗೆದುಕೊಂಡು ಅಡ್ಡಗೆರೆ, ಉದ್ದಗೆರೆ ಎಳೆಯಿರಿ. ಎಡಕ್ಕೆ ಕಂಪನಿ, ಸೇರಿದ ತಿಂಗಳು, ಬಿಟ್ಟ ತಿಂಗಳು, ಹುದ್ದೆ, ವಾರದ ಗಂಟೆ. ಮೇಲ್ಗಡೆ ರೆಸ್ಯೂಮೆ, ಅನುಭವ ಪತ್ರ, ಪೇ ಸ್ಲಿಪ್, ಪಿಎಫ್, ಫಾರ್ಮ್ 16. ಒಂದೊಂದು ಮನೆಯನ್ನೂ ಆಯಾ ಕಾಗದ ನೋಡಿಯೇ ತುಂಬಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಕೆಂಪು ಗುರುತು ಹಾಕಿ, ಅದಕ್ಕೆ ಕಾರಣ ಹೇಳುವ ಕಾಗದ ಸಿಗುವವರೆಗೆ ಅರ್ಜಿ ಕಳಿಸಬೇಡಿ.

ಕಳಿಸಿದ ಅರ್ಜಿಯ ಒಂದು ಪ್ರತಿಯನ್ನು ಸಹಿ ಮಾಡಿಕೊಟ್ಟವರ ಕೈಗೂ ಕೊಡಿ. ಟಿಆರ್‌ಎಯಿಂದ ಅವರಿಗೆ ಫೋನ್ ಬರಬಹುದು, ಬಂದರೆ ನಿಮ್ಮ ಪತ್ರಕ್ಕೆ ಸಹಿ ಮಾಡಿ ಎಷ್ಟೋ ವಾರಗಳಾಗಿರುತ್ತವೆ. ಅಷ್ಟರಲ್ಲಿ ಅವರು ಕಂಪನಿ ಬಿಟ್ಟರೆ ಅಥವಾ ನಂಬರ್ ಬದಲಾದರೆ ಹೊಸ ನಂಬರನ್ನು ಕೂಡಲೇ ಟಿಆರ್‌ಎಗೆ ತಿಳಿಸಿ.

ನಮಸ್ಕಾರ.