ಸ್ಯಾನಿಟೈಸರ್‌ಗೆ ಬಗ್ಗದ ವೈರಸ್

[ದೃಶ್ಯ: ಮೇಜಿನ ಮೇಲೆ ಸ್ಯಾನಿಟೈಸರ್ ಬಾಟಲಿ, ಪಕ್ಕದಲ್ಲಿ ಸೋಪು]

ನಮಸ್ಕಾರ. 2021ರ ನವೆಂಬರ್. ಮೈಸೂರು ಕಡೆಯಿಂದ ಗಡಿ ದಾಟಿದರೆ ಸಿಗುವ ವಯನಾಡು. ಅಲ್ಲಿನ ಪೂಕೋಡಿನ ಪಶುವೈದ್ಯಕೀಯ ಕಾಲೇಜಿನ 13 ವಿದ್ಯಾರ್ಥಿಗಳಲ್ಲಿ ನೊರೋವೈರಸ್ ಪತ್ತೆಯಾಯಿತು. ವಾಂತಿ, ಭೇದಿ ತರುವ ವೈರಸ್ ಇದು. ಆಗ ಕೊರೊನಾ ಕಾಲ, ಎಲ್ಲರ ಜೇಬಲ್ಲೂ ಸ್ಯಾನಿಟೈಸರ್. ಆದರೆ ಕೊರೊನಾ ಸಾಯುವ ಸ್ಯಾನಿಟೈಸರ್‌ಗೆ ನೊರೋ ಅಷ್ಟಾಗಿ ಬಗ್ಗುವುದಿಲ್ಲ. ಯಾಕೆ?

[ದೃಶ್ಯ: ತುಪ್ಪದ ಜಿಡ್ಡಿನ ಲೋಟಕ್ಕೆ ಸೋಪಿನ ನೀರು]

ಕೊರೊನಾ ವೈರಸ್‌ಗೆ ಮೈಮೇಲೆ ಒಂದು ಕೊಬ್ಬಿನ ಹೊದಿಕೆ ಇದೆ. ನಮ್ಮ ಜೀವಕೋಶದೊಳಗೆ ತಯಾರಾಗುವಾಗ ಅಲ್ಲಿನ ಪೊರೆಯನ್ನೇ ಸುತ್ತಿಕೊಂಡು ಹೊರಬರುತ್ತದೆ. ಜೀವಕೋಶಕ್ಕೆ ಅಂಟಿಕೊಳ್ಳುವ ಮುಳ್ಳುಗಳು ಇರುವುದು ಈ ಹೊದಿಕೆಯ ಮೇಲೆ. ಸೋಪು ಈ ಲೋಟದ ಜಿಡ್ಡನ್ನು ಬಿಡಿಸಿದ ಹಾಗೇ ಹೊದಿಕೆಯನ್ನೂ ಒಡೆಯುತ್ತದೆ. ಹೊದಿಕೆ ಹೋದರೆ ಮುಳ್ಳೂ ಹೋಯಿತು, ವೈರಸ್ ಕೆಲಸಕ್ಕೆ ಬಾರದು. ಆಲ್ಕೋಹಾಲ್ ಮಾಡುವುದೂ ಇದನ್ನೇ. ಒಣಗಿದರೂ ಹೊದಿಕೆ ಹಾಳಾಗುತ್ತದೆ. ಪ್ರಯೋಗಾಲಯದಲ್ಲಿ ಪ್ಲಾಸ್ಟಿಕ್ ಮೇಲೆ ಜೀವಂತ ಕೊರೊನಾ ಸಿಕ್ಕಿದ್ದು ಸುಮಾರು ಮೂರು ದಿನದವರೆಗೆ, ಅದೂ ಕೊನೆಗೆ ತೀರಾ ಕಡಿಮೆ.

[ದೃಶ್ಯ: ಅಂಗೈಯಲ್ಲಿ ಹುಣಸೆ ಬೀಜ]

ನೊರೋ ಈ ಹುಣಸೆ ಬೀಜದ ಹಾಗೆ. ಕೊಬ್ಬಿಲ್ಲ, ಪ್ರೋಟೀನಿನ ಬಿಗಿಯಾದ ಚಿಪ್ಪು ಮಾತ್ರ. ಅದು ಹೊಟ್ಟೆಯ ಆಮ್ಲ ದಾಟಬೇಕು, ಆಮೇಲೆ ಕರುಳಲ್ಲಿ ಪಿತ್ತರಸ. ಪಿತ್ತರಸ ಅಂದರೆ ನಮ್ಮ ದೇಹದೊಳಗಿನ ಸೋಪೇ, ಊಟದ ಕೊಬ್ಬನ್ನು ಕರಗಿಸುವುದು ಅದರ ಕೆಲಸ. ಆ ಸೋಪನ್ನೇ ದಾಟಿ ಬದುಕುವ ವೈರಸ್‌ಗೆ ಬಚ್ಚಲಿನ ಸೋಪು ಯಾವ ಲೆಕ್ಕ? ನಲ್ಲಿ, ಬಾಗಿಲ ಚಿಲಕದ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ. ನನಗೆ ಇದರಷ್ಟು ಬೆರಗು ಹುಟ್ಟಿಸಿದ ಸಂಗತಿ ಇನ್ನೊಂದಿಲ್ಲ.

ಹಾಗಾದರೆ ಕೈ ತೊಳೆದು ಏನು ಪ್ರಯೋಜನ? ಇದೆ, ತುಂಬಾ ಇದೆ. ಸೋಪು ನೊರೋವನ್ನು ಕೊಲ್ಲದಿದ್ದರೂ ಚರ್ಮದಿಂದ ಸಡಿಲಿಸುತ್ತದೆ, ಹರಿಯುವ ನೀರು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಇಪ್ಪತ್ತು ಸೆಕೆಂಡ್ ಉಜ್ಜಿ, ಚೆನ್ನಾಗಿ ತೊಳೆಯಿರಿ. ಸ್ಯಾನಿಟೈಸರ್ ಹಚ್ಚಿದರೆ ಕೊಚ್ಚಿಕೊಂಡು ಹೋಗಲು ನೀರೇ ಇಲ್ಲ, ವೈರಸ್ ಕೈಯಲ್ಲೇ ಉಳಿಯುತ್ತದೆ.

ಹೊದಿಕೆ ಇದ್ದದ್ದೆಲ್ಲ ಬೇಗ ಸಾಯುತ್ತದೆ ಅಂತಲೂ ಅಲ್ಲ. ಸಿಡುಬಿನ ವೈರಸ್‌ಗೆ ಹೊದಿಕೆ ಇದ್ದರೂ, ಒಣಗಿದ ಹಕ್ಕಳೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತಿತ್ತು.

[ದೃಶ್ಯ: ಬಕೆಟ್, ಕೈಗವಸು, ಬ್ಲೀಚ್]

ಮನೆಯಲ್ಲಿ ಯಾರಾದರೂ ವಾಂತಿ ಮಾಡಿಕೊಂಡರೆ, ಕೈಗವಸು ಹಾಕಿ ಮೊದಲು ಅದನ್ನು ಒರೆಸಿ ತೆಗೆಯಿರಿ. ಗಲೀಜಿನ ಮೇಲೇ ಸುರಿದರೆ ಬ್ಲೀಚ್‌ನ ಶಕ್ತಿ ಅದಕ್ಕೇ ಖರ್ಚಾಗುತ್ತದೆ. ಆಮೇಲೆ 5 ಪರ್ಸೆಂಟ್ ಬ್ಲೀಚ್ ಆದರೆ ಒಂದು ಲೀಟರ್ ನೀರಿಗೆ ಕನಿಷ್ಠ 20 ಮಿಲಿ ಬೆರೆಸಿ, ನೆಲ, ನಲ್ಲಿ, ಚಿಲಕಕ್ಕೆ ಹಚ್ಚಿ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಒದ್ದೆಯಾಗಿರಲು ಬಿಡಿ. ಕಿಟಕಿ ತೆರೆದಿಡಿ. ಟಾಯ್ಲೆಟ್ ಆ್ಯಸಿಡ್ ಜೊತೆ ಖಂಡಿತ ಬೆರೆಸಬೇಡಿ, ವಿಷಾನಿಲ ಬರುತ್ತದೆ.

ವಾಂತಿ, ಭೇದಿ ನಿಂತ ಮೇಲೂ ಎರಡು ದಿನ ಅವರು ಅಡುಗೆಗೆ ಕೈ ಹಾಕುವುದು ಬೇಡ. ಮಲದಲ್ಲಿ ವೈರಸ್ ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಹೋಗುತ್ತಲೇ ಇರುತ್ತದೆ, ಹಾಗಾಗಿ ಅಷ್ಟೂ ದಿನ ಶೌಚಾಲಯದಿಂದ ಬಂದವರ ಕೈಗೆ ಸೋಪು, ನೀರು ಸಿಗುವ ಹಾಗೆ ನೋಡಿಕೊಳ್ಳಿ.