ಈ ಕೂಪನ್ ಯಾರ ಕಡೆಯಿಂದ ಬಂತು?

ಕೇಳುಗರಿಗೆ ನಮಸ್ಕಾರ.

ಬಳ್ಳಾರಿಯ ಗಾಂಧಿನಗರದಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಎರಡು ಕುರ್ಚಿ, ನಾನು, ಜೊತೆಗೊಬ್ಬ ಹುಡುಗಿ, ಅಷ್ಟೇ. ದೀಪಾವಳಿಗೆ ಗಿಫ್ಟ್ ಕೂಪನ್ ಹಂಚಿ ಒಮ್ಮೆ ಕೈ ಸುಟ್ಟುಕೊಂಡೆ, ಇನ್ನೊಮ್ಮೆ ಸರಿಮಾಡಿಕೊಂಡೆ. ಅದನ್ನೇ ಇವತ್ತು ಹೇಳುತ್ತೇನೆ.

ಮೊದಲ ಸಲ ನೂರು ಕಾರ್ಡ್ ಅಚ್ಚು ಹಾಕಿಸಿದೆ. ದೀಪದ ಚಿತ್ರ, ಇನ್ನೂರು ರೂಪಾಯಿ ಕಡಿತ ಅನ್ನುವ ಸಾಲು. ನಂಬರ್ ಇಲ್ಲ, ಕೊನೆಯ ತಾರೀಖೂ ಇಲ್ಲ. ಬಂದ ಗಿರಾಕಿಗಳಿಗೆಲ್ಲ ಸುಮ್ನೆ ಕೊಟ್ಟೆ. ಆಮೇಲೆ ಏನಾಯಿತು ಗೊತ್ತಾ? ನರಕ ಚತುರ್ದಶಿಯ ಹಿಂದಿನ ದಿನ, ಕೂರಲು ಜಾಗ ಇಲ್ಲದ ಹೊತ್ತಿನಲ್ಲಿ, ಎಲ್ಲರೂ ಕಾರ್ಡ್ ಹಿಡಿದು ಬಂದರು. ಎಲ್ಲರೂ ಹಳಬರು. ಕಾರ್ಡ್ ಇಲ್ಲದಿದ್ದರೂ ಅವತ್ತು ಪೂರ್ತಿ ದುಡ್ಡು ಕೊಟ್ಟು ಹೋಗುತ್ತಿದ್ದವರು. ಮೂವರಂತೂ ಒಂದೇ ಕಾರ್ಡಿನ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದರು. ಯುಗಾದಿ ಮುಗಿದ ಮೇಲೂ ಒಬ್ಬರು ಬಂದು, "ಇದರಲ್ಲಿ ತಾರೀಖೇ ಇಲ್ವಲ್ಲ ಅಕ್ಕಾ" ಅಂದರು. ನಿಜವೇ, ಇರಲಿಲ್ಲ.

ಮರುವರ್ಷ ಅರವತ್ತೇ ಕಾರ್ಡ್ ಮಾಡಿಸಿದೆ. ಚಂದಾ ರಸೀದಿ ಪುಸ್ತಕದ ಹಾಗೆ ಎರಡು ತುಂಡು, ಎರಡರ ಮೇಲೂ ಒಂದೇ ನಂಬರ್. ಒಂದು ತುಂಡು ನನ್ನ ಹತ್ತಿರ, ಇನ್ನೊಂದು ಗಿರಾಕಿ ಕೈಗೆ. ಮೂವತ್ತು ಜನ ಕಾಯಂ ಗಿರಾಕಿಗಳಿಗೆ ತಲಾ ಎರಡು ಕೊಟ್ಟು, "ಇದು ನಿಮಗಲ್ಲ, ನಮ್ಮಲ್ಲಿಗೆ ಒಮ್ಮೆಯೂ ಬರದವರಿಗೆ ನೀವು ಹಬ್ಬದ ಉಡುಗೊರೆ ಅಂತ ಕೊಡಿ" ಅಂದೆ. ಯಾವ ನಂಬರ್ ಯಾರಿಗೆ ಕೊಟ್ಟೆ ಅಂತ ನನ್ನ ತುಂಡಿನ ಮೇಲೆ ಬರೆದುಕೊಂಡೆ.

ಕಾರ್ಡಿನ ಮೇಲಿನ ಷರತ್ತು ನಾಲ್ಕೇ ಸಾಲು. ಐನೂರು ರೂಪಾಯಿ ಮೇಲಿನ ಬಿಲ್ಲಿಗೆ ಇನ್ನೂರು ಕಡಿತ. ಮೊದಲ ಸಲ ಬರುವವರಿಗೆ ಮಾತ್ರ. ಅಸಲಿ ಕಾರ್ಡ್ ತರಬೇಕು, ಫೋಟೋ ನಡೆಯಲ್ಲ. ನಾಲ್ಕನೆಯದು ತಾರೀಖು. ಇದಕ್ಕೇ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು.

ಕಾರ್ಡ್ ಶುರುವಾಗುವ ದಿನವೂ ಮುಖ್ಯ, ಅಲ್ವಾ? ಹಬ್ಬದ ನೂಕುನುಗ್ಗಲಿನಲ್ಲಿ ಹೊಸಬರು ಬಂದರೆ ಗಂಟೆಗಟ್ಟಲೆ ಕಾದು ಸಿಟ್ಟಾಗಿ ಹೋಗುತ್ತಾರೆ. ಬಲಿಪಾಡ್ಯಮಿ ಕಳೆದ ಮೇಲೆ ನನ್ನ ಕುರ್ಚಿಗಳು ಖಾಲಿ. ಅದಕ್ಕೇ ಅಲ್ಲಿಂದಲೇ ಶುರು ಮಾಡಿ, ನವೆಂಬರ್ 30ಕ್ಕೆ ಮುಗಿಸಿದೆ. ಹೆಚ್ಚುಕಡಿಮೆ ನಲವತ್ತು ದಿನ. ವಾರ, ಹತ್ತು ದಿನ ಕೊಟ್ಟರೆ ಕಾರ್ಡ್ ಕೈ ದಾಟುವಷ್ಟರಲ್ಲೇ ಅವಧಿ ಮುಗಿದಿರುತ್ತದೆ. ಆರು ತಿಂಗಳು ಕೊಟ್ಟರೆ ಕಾರ್ಡ್ ಬೀರುವಿನ ಸೀರೆ ಕೆಳಗೆ ಸೇರಿ ಮರೆತೇಹೋಗುತ್ತದೆ. "ಕೊಟ್ಟ ದಿನದಿಂದ 40 ದಿನ" ಅಂತ ಬರೆಸಬೇಡಿ. ಕೊಟ್ಟ ದಿನ ಯಾವುದು ಅಂತ ಅಲ್ಲೇ ಜಗಳ. ತಾರೀಖನ್ನೇ ದಪ್ಪಕ್ಷರದಲ್ಲಿ ಹಾಕಿಸಿ.

ಕೊನೆಗೆ ಹತ್ತು ದಿನ ಉಳಿದಾಗ ನೆನಪಿಸಬೇಕು. ಯಾರಿಗೆ? ಕಾರ್ಡ್ ಸಿಕ್ಕವರ ಫೋನ್ ನಂಬರ್ ನಮ್ಮಲ್ಲಿ ಇರಲ್ಲ. ಅದಕ್ಕೆ ಕಾರ್ಡ್ ಹಂಚಿದ ಕಾಯಂ ಗಿರಾಕಿಗಳಿಗೇ ಫೋನ್ ಮಾಡಿದೆ: "ಅಕ್ಕಾ, ನಿಮ್ಮ ಎರಡು ಕಾರ್ಡ್ ಇನ್ನೂ ಬಂದಿಲ್ಲ." ಆ ವಾರ ಎಂಟು ಕಾರ್ಡ್ ಬಂದವು. ಡಿಸೆಂಬರ್ 2ಕ್ಕೆ ಒಬ್ಬರು ಬಂದರು, ಒಪ್ಪಿಕೊಂಡೆ. ಎರಡು ದಿನಕ್ಕೆ ಹೊಸ ಗಿರಾಕಿಯನ್ನು ಬಾಗಿಲಿಂದ ವಾಪಸ್ ಕಳಿಸುತ್ತಾರಾ? ಆದರೆ ನೋಟ್‌ಬುಕ್ಕಿನಲ್ಲಿ "ತಡ" ಅಂತ ಬರೆದೆ.

ಆ ನೋಟ್‌ಬುಕ್ಕೇ ಅಸಲು ಕೆಲಸದ್ದು. ಕಾರ್ಡ್ ನಂಬರ್, ಕೊಟ್ಟವರು, ಬಂದವರ ಹೆಸರು, ಬಂದ ದಿನ, ಬಿಲ್ಲು. ಕೊನೆಯ ಕಾಲಂ ಖಾಲಿ: ಕಾರ್ಡ್ ಇಲ್ಲದೆ ಮತ್ತೆ ಬಂದರಾ?

ಅರವತ್ತರಲ್ಲಿ ಬಂದವು ಇಪ್ಪತ್ಮೂರು. ಆರು ಜನ ಮೊದಲೇ ನಮ್ಮಲ್ಲಿಗೆ ಬರುತ್ತಿದ್ದವರು. ಅವರು ಕಾರ್ಡ್ ಮುಂದಿಟ್ಟಾಗ ಏನನ್ನಲಿ, ನಕ್ಕು ಕಡಿತ ಕೊಟ್ಟೆ. ಹೊಸಬರು ಹದಿನೇಳು. ಸಂಕ್ರಾಂತಿ ಹೊತ್ತಿಗೆ ಅವರಲ್ಲಿ ಏಳು ಜನ ಪೂರ್ತಿ ದುಡ್ಡು ಕೊಟ್ಟು ಇನ್ನೊಮ್ಮೆ ಬಂದಿದ್ದರು. ಕಡಿತ 4,600 ರೂಪಾಯಿ, ಅಚ್ಚಿನ ಖರ್ಚು 600. ಒಟ್ಟು 5,200ನ್ನು ಹದಿನೇಳರಿಂದ ಭಾಗಿಸಿದರೆ ಲೆಕ್ಕ ಚಂದ ಕಾಣುತ್ತದೆ. ನಾನು ಏಳರಿಂದಲೇ ಭಾಗಿಸುತ್ತೇನೆ. ಒಬ್ಬರಿಗೆ ಸುಮಾರು 740. ಕ್ರೀಮು, ಸಂಬಳ, ಬಾಡಿಗೆ ಕಳೆದು ಒಂದು ಸಲಕ್ಕೆ ನನಗೆ ಉಳಿಯೋದು 180ರ ಆಸುಪಾಸು. ಅಂದರೆ ಐದನೇ ಸಲ ಬಂದಾಗ ನನ್ನ ದುಡ್ಡು ವಾಪಸ್.

ಇನ್ನೊಂದು ವಿಷಯ ನೋಟ್‌ಬುಕ್ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ದೊಡ್ಡ ಬಿಲ್ಲು ಮಾಡುವ ಗಿರಾಕಿಗಳೇ ಜನ ಕರೆತರುತ್ತಾರೆ ಅಂದುಕೊಂಡಿದ್ದೆ. ಅವರ ಕಾರ್ಡ್‌ಗಳಲ್ಲಿ ಒಂದೂ ಬರಲಿಲ್ಲ. ಮತ್ತೆ ಬಂದ ಏಳರಲ್ಲಿ ನಾಲ್ಕು ಜನ ಇಬ್ಬರ ಕಡೆಯವರೇ. ಒಬ್ಬರು ಬ್ಲೌಸ್ ಹೊಲಿಯುವ ಆಂಟಿ, ಇನ್ನೊಬ್ಬರು ಅಂಗನವಾಡಿ ಟೀಚರ್. ನನ್ನಲ್ಲಿ ಅವರು ಮಾಡಿಸೋದು ಐಬ್ರೋ ಮಾತ್ರ.

ಈ ಸಲ ಅವರಿಬ್ಬರಿಗೆ ತಲಾ ಹತ್ತು ಕಾರ್ಡ್ ಎತ್ತಿಟ್ಟಿದ್ದೇನೆ. ಆಂಟಿಗೆ ಹೇಳಿದ್ದಕ್ಕೆ, "ಹೊಲಿದ ಬ್ಲೌಸಿನ ಕವರಿನಲ್ಲೇ ಹಾಕಿಬಿಡ್ತೀನಿ ಬಿಡು" ಅಂದರು.

ನಮಸ್ಕಾರ.